ಬಿಲ್ಲಿನ ಮೊತ್ತ ಕಡಿಮೆ, ಕೊಟ್ಟದ್ದು ಹೆಚ್ಚು

ತಾಲ್ಲೂಕು ಕೇಂದ್ರದ ಒಂದು ಬೇಕರಿಗೆ ಸಗಟು ಅಂಗಡಿಯಿಂದ ಸರಕು ಬಂದಿದೆ ಎಂದುಕೊಳ್ಳಿ. ಆರ್ಡರ್ ಕೊಡುವಾಗ ಹಾಕಿದ ಲೆಕ್ಕದ ಪ್ರಕಾರ ಒಟ್ಟು 74,317 ರೂಪಾಯಿ 50 ಪೈಸೆ ಆಗಬೇಕಿತ್ತು. ಸರಕಿನ ಜೊತೆ ಬಂದ ಬಿಲ್ಲಿನಲ್ಲಿ ಇರುವುದು 73,635 ರೂಪಾಯಿ. ಅಂದುಕೊಂಡದ್ದಕ್ಕಿಂತ 682 ರೂಪಾಯಿ 50 ಪೈಸೆ ಕಡಿಮೆ. ಬೇಕರಿಯ ಒಡತಿ ಸಮಾಧಾನದಿಂದ ಹಣ ಕಳಿಸಿಬಿಡಬಹುದು. ಹಾಗೆ ಮಾಡಿದರೆ ಆಕೆ ಕೊಡಬೇಕಾದ್ದಕ್ಕಿಂತ 4,602 ರೂಪಾಯಿ ಹೆಚ್ಚು ಕೊಟ್ಟಂತಾಗುತ್ತದೆ. ಆ ಲೋಡಿಗೆ ನ್ಯಾಯವಾಗಿ ಸಲ್ಲಬೇಕಾದದ್ದು 69,033 ರೂಪಾಯಿ ಮಾತ್ರ.

ಇದು ವಿವರಣೆಗಾಗಿ ಹೆಣೆದ ಉದಾಹರಣೆ. ದರಗಳೂ ಲೆಕ್ಕಕ್ಕೆ ಅನುಕೂಲವಾಗುವಂತೆ ಇಟ್ಟುಕೊಂಡವು. ಆದರೆ ಇದರೊಳಗಿನ ಒಂದೊಂದು ವ್ಯತ್ಯಾಸವೂ ಸಣ್ಣ ವ್ಯಾಪಾರಗಳಲ್ಲಿ ದಿನಬೆಳಗಾದರೆ ಎದುರಾಗುವಂಥದ್ದೇ. ಇಲ್ಲಿ ಯಾರೂ ಮೋಸ ಮಾಡಿಲ್ಲ ಎಂಬುದನ್ನೂ ಮೊದಲೇ ಹೇಳಿಬಿಡಬೇಕು. ಸರಬರಾಜುದಾರರ ಬಿಲ್ಲಿಗೂ ನಮ್ಮ ಆರ್ಡರಿಗೂ ತಾಳೆಯಾಗದಿರಲು ಬಹುಪಾಲು ಕಾರಣ, ಎರಡು ಕಾಗದಗಳು ಎರಡು ಬೇರೆ ಅಳತೆಯಲ್ಲಿ ಮಾತಾಡುತ್ತಿರುತ್ತವೆ ಎಂಬುದು. ಒಂದರಲ್ಲಿ ಕಿಲೋ, ಇನ್ನೊಂದರಲ್ಲಿ ಲೀಟರ್. ಒಂದರಲ್ಲಿ ತೆರಿಗೆ ಸೇರಿದ ದರ, ಇನ್ನೊಂದರಲ್ಲಿ ತೆರಿಗೆ ಬಿಟ್ಟ ದರ. ಒಂದರಲ್ಲಿ ಕೇಳಿದ ಚೀಲ, ಇನ್ನೊಂದರಲ್ಲಿ ಗೋದಾಮಿನಿಂದ ಹೊರಡಬೇಕಿದ್ದ ಚೀಲ. ಎರಡನ್ನೂ ಒಂದೇ ಅಳತೆಗೆ ತಂದ ಮೇಲೆ ಉಳಿಯುವುದೇ ನಿಜವಾದ ವ್ಯತ್ಯಾಸ. ಫೋನು ಕೈಗೆತ್ತಿಕೊಳ್ಳಬೇಕಾದದ್ದು ಅದರ ನಂತರ.

ಎರಡಲ್ಲ, ಮೂರು ಕಾಗದ

ಬಿಲ್ಲನ್ನು ಆರ್ಡರ್ ಜೊತೆ ಇಟ್ಟು ನೋಡಿದರೆ ಸಾಕು ಎಂದು ಅನೇಕರು ತಿಳಿದಿದ್ದಾರೆ. ಆರ್ಡರ್ ಹೇಳುವುದು ನಾವು ಏನು ಕೇಳಿದೆವು, ಯಾವ ದರಕ್ಕೆ ಒಪ್ಪಿದೆವು ಎಂಬುದನ್ನು. ಬಿಲ್ಲು ಹೇಳುವುದು ಅವರು ಎಷ್ಟಕ್ಕೆ ಹಣ ಕೇಳುತ್ತಿದ್ದಾರೆ ಎಂಬುದನ್ನು. ಬಾಗಿಲಿಗೆ ನಿಜವಾಗಿ ಏನು ಬಂತು ಎಂಬುದನ್ನು ಇವೆರಡೂ ಹೇಳುವುದಿಲ್ಲ. ಅದಕ್ಕೆ ಮೂರನೆಯ ಕಾಗದ ಬೇಕು. ದೊಡ್ಡ ಕಂಪನಿಗಳಲ್ಲಿ ಇದನ್ನು ಜಿಆರ್‌ಎನ್ ಎನ್ನುತ್ತಾರೆ, ಅಂದರೆ ಸರಕು ಬಂದ ಚೀಟಿ. ಸಣ್ಣ ಅಂಗಡಿಯಲ್ಲಿ ಡೆಲಿವರಿ ಚಲನ್ನಿನ ಮೇಲೆ, ಅಥವಾ ಬಿಲ್ಲಿನ ಪ್ರತಿಯ ಮೇಲೇ, ಎಣಿಸಿದವರು ಕೈಯಾರೆ ಬರೆದ ಲೆಕ್ಕವೇ ಆ ಚೀಟಿ.

ಈ ಎಣಿಕೆಯಲ್ಲಿ ಒಂದು ಅಭ್ಯಾಸದ ದೋಷವಿದೆ. ಸರಕು ಇಳಿಸಿಕೊಳ್ಳುವ ಹುಡುಗನ ಕೈಗೆ ಬಿಲ್ಲನ್ನೇ ಕೊಟ್ಟು 'ಎಣಿಸ್ಕೊಳಪ್ಪ' ಎಂದರೆ, ಅವನ ಕಣ್ಣು ಮೊದಲು ಹೋಗುವುದು ಕಾಗದದ ಮೇಲಿನ 20ರತ್ತ. ಹಮಾಲಿಗಳು ಅವಸರದಲ್ಲಿ ಚೀಲ ಒಟ್ಟುತ್ತಾರೆ, ಡ್ರೈವರ್ ಮುಂದಿನ ಊರಿಗೆ ಹೊರಡಬೇಕೆಂದು ಹಾರನ್ ಹೊಡೆಯುತ್ತಾನೆ. ಆ ಗಡಿಬಿಡಿಯಲ್ಲಿ 18 ಚೀಲವೂ 20 ಆಗಿ ಕಾಣುತ್ತದೆ. ಅದಕ್ಕೇ ಎಣಿಸುವವರಿಗೆ ಸಾಮಾನಿನ ಹೆಸರು ಮಾತ್ರ ಇರುವ, ಪ್ರಮಾಣದ ಜಾಗ ಖಾಲಿ ಇರುವ ಚೀಟಿ ಕೊಡುವುದು ಒಳ್ಳೆಯದು. ಮೈದಾ ಎಷ್ಟು ಚೀಲ, ಒಂದೊಂದು ಎಷ್ಟು ಕಿಲೋ, ಎಣ್ಣೆ ಎಷ್ಟು ಟಿನ್, ಟಿನ್ನಿನ ಮೇಲೆ ಏನು ಬರೆದಿದೆ ಎಂದು ನೋಡಿ, ಎಣಿಸಿ, ತುಂಬಬೇಕು. ಮುಂದೆ ಎಷ್ಟಿರಬೇಕು ಎಂಬುದು ಗೊತ್ತಿಲ್ಲದಾಗ ಎಣಿಸದೆ ಬೇರೆ ದಾರಿಯಿರುವುದಿಲ್ಲ.

ಎಣಿಸಿದ್ದು ಕಡಿಮೆ ಬಂದರೆ ಡ್ರೈವರ್ ಎದುರಿಗಿರುವಾಗಲೇ, ನಮ್ಮ ಪ್ರತಿ ಮತ್ತು ಅವನು ವಾಪಸ್ ಒಯ್ಯುವ ಪ್ರತಿ ಎರಡರ ಮೇಲೂ 'ಮೈದಾ 18 ಚೀಲ ಮಾತ್ರ ಬಂದಿದೆ' ಎಂದು ಬರೆದು, ತಾರೀಕು ಹಾಕಿ, ಅವನ ಸಹಿಯನ್ನೂ ತೆಗೆದುಕೊಳ್ಳಬೇಕು. ಬರೀ ಸಹಿ ಹಾಕಿ ಕಳಿಸಿದ ಚಲನ್ನು ಎಲ್ಲವೂ ಬಂದಿದೆ ಎಂಬುದಕ್ಕೆ ನಾವೇ ಕೊಟ್ಟ ಸಾಕ್ಷಿಯಾಗುತ್ತದೆ. ಎರಡು ದಿನದ ಮೇಲೆ ಫೋನು ಮಾಡಿ ಎರಡು ಚೀಲ ಕಡಿಮೆ ಎಂದರೆ, ಆ ಕಡೆಯವರು ನಂಬಬೇಕೆಂದು ಎಲ್ಲಿದೆ?

ನಾಲ್ಕು ಸಾಲಿನ ಬಿಲ್ಲು

ಈಗ ಬೇಕರಿಯ ಬಿಲ್ಲನ್ನು ಬಿಡಿಸೋಣ. ಆರ್ಡರಿನಲ್ಲಿ ಇದ್ದದ್ದು ನಾಲ್ಕೇ ಸಾಮಾನು.

- ಮೈದಾ: 50 ಕಿಲೋ ಚೀಲ 20, ಚೀಲಕ್ಕೆ 1,650 ರೂಪಾಯಿ.
- ರಿಫೈಂಡ್ ಎಣ್ಣೆ: 15 ಕಿಲೋ ಟಿನ್ 10, ಟಿನ್ನಿಗೆ 2,100 ರೂಪಾಯಿ, ತೆರಿಗೆ ಬೇರೆ.
- ಸಕ್ಕರೆ: 50 ಕಿಲೋ ಚೀಲ 5, ಚೀಲಕ್ಕೆ 2,150 ರೂಪಾಯಿ, ತೆರಿಗೆ ಬೇರೆ.
- ವನಸ್ಪತಿ: 15 ಕಿಲೋ ಟಿನ್ 4, ಟಿನ್ನಿಗೆ 1,995 ರೂಪಾಯಿ, ತೆರಿಗೆ ಸೇರಿ.

ಬಿಲ್ಲಿನಲ್ಲಿ ಬಂದದ್ದು ಹೀಗೆ: ಮೈದಾ 20 ಚೀಲ, 1,650ರಂತೆ. ಎಣ್ಣೆ 10 ಟಿನ್, 2,010ರಂತೆ. ಸಕ್ಕರೆ 5 ಚೀಲ, 2,200ರಂತೆ. ವನಸ್ಪತಿ 4 ಟಿನ್, 1,900ರಂತೆ. ಎಣ್ಣೆ, ಸಕ್ಕರೆ, ವನಸ್ಪತಿಗೆ ಶೇ. 5 ಜಿಎಸ್‌ಟಿ. ಮೈದಾ 25 ಕಿಲೋಗಿಂತ ದೊಡ್ಡ ಚೀಲದಲ್ಲಿ ಬಂದಿರುವುದರಿಂದ ಅದಕ್ಕೆ ತೆರಿಗೆ ಇಲ್ಲ. ಒಟ್ಟು 73,635.

ಮೊತ್ತವನ್ನು ಮೊತ್ತದ ಜೊತೆ ಹೋಲಿಸುವುದು ಎಷ್ಟು ಅಪಾಯ ಎಂಬುದಕ್ಕೆ ಈ ಬಿಲ್ಲೇ ಸಾಕ್ಷಿ. ಒಂದು ಸಾಲಿನಲ್ಲಿ ಏರಿದ್ದು, ಇನ್ನೊಂದು ಸಾಲಿನಲ್ಲಿ ಇಳಿದಂತೆ ಕಂಡದ್ದು ಒಂದನ್ನೊಂದು ಮುಚ್ಚಿಹಾಕಿ, ಕೊನೆಯ ಅಂಕಿ ಮಾತ್ರ ಅಂದವಾಗಿ ನಿಂತಿದೆ. ಹಾಗಾಗಿ ಸಾಲಿಗೆ ಸಾಲು ನೋಡಬೇಕು. ಪ್ರತಿ ಸಾಲಿನಲ್ಲೂ ಕೇಳಬೇಕಾದದ್ದು ಎರಡೇ ಪ್ರಶ್ನೆ. ಬಂದದ್ದೆಷ್ಟು? ಒಂದು ಕಿಲೋಗೆ ಬಿದ್ದದ್ದೆಷ್ಟು?

ವನಸ್ಪತಿ: ಇಲ್ಲದ ವ್ಯತ್ಯಾಸ

ಮೊದಲು ಸುಲಭದ್ದನ್ನು ಮುಗಿಸಿಬಿಡೋಣ. ಆರ್ಡರಿನಲ್ಲಿ 1,995, ಬಿಲ್ಲಿನಲ್ಲಿ 1,900. 95 ರೂಪಾಯಿ ಅಗ್ಗವಾಯಿತೇ? ಇಲ್ಲ. ಆರ್ಡರಿನ ದರ ತೆರಿಗೆ ಸೇರಿದ್ದು, ಬಿಲ್ಲಿನ ಸಾಲಿನಲ್ಲಿರುವುದು ತೆರಿಗೆಗೆ ಮುಂಚಿನದು. 1,900ಕ್ಕೆ ಶೇ. 5 ಎಂದರೆ 95, ಕೂಡಿಸಿದರೆ 1,995. ಎರಡೂ ಒಂದೇ. ಈ ಸಾಲಿಗೆ ಟಿಕ್ ಹಾಕಿ ಮುಂದಕ್ಕೆ ಹೋಗಬಹುದು.

ಸಣ್ಣ ಸಾಲಾದರೂ ಇದರಿಂದ ಒಂದು ನಿಯಮ ಹುಟ್ಟುತ್ತದೆ. ದರ ಮಾತಾಡುವಾಗ ನಮ್ಮಲ್ಲಿ ಬಾಯಲ್ಲಿ ಬರುವುದು 'ಎಲ್ಲಾ ಸೇರಿ ಎಷ್ಟು' ಎಂಬ ದರ, ಜಿಎಸ್‌ಟಿ ಬಿಲ್ಲಿನ ಸಾಲಿನಲ್ಲಿ ಕಾಣುವುದು ತೆರಿಗೆ ಬಿಟ್ಟ ದರ. ಹೋಲಿಸುವ ಮುಂಚೆ ಎರಡನ್ನೂ ತೆರಿಗೆ ಬಿಟ್ಟ ದರಕ್ಕೆ ತಂದುಕೊಳ್ಳಬೇಕು. ತೆರಿಗೆ ಸೇರಿದ ದರವನ್ನು 1.05ರಿಂದ ಭಾಗಿಸಿದರೆ ಶೇ. 5ರ ಸರಕಿನ ಮೂಲ ದರ ಸಿಗುತ್ತದೆ. ಅನೇಕರು 1,995ರಲ್ಲಿ ಶೇ. 5 ಕಳೆದು 1,895 ರೂಪಾಯಿ 25 ಪೈಸೆ ಎಂದು ಬರೆದುಕೊಂಡು, ಟಿನ್ನಿಗೆ ಐದು ರೂಪಾಯಿ ಜಾಸ್ತಿ ಹಾಕಿದ್ದಾರೆ ಎಂದು ಸಗಟು ಅಂಗಡಿಗೆ ಫೋನು ಮಾಡುತ್ತಾರೆ. ತಪ್ಪಿರುವುದು ಭಾಗಿಸುವ ಬದಲು ಕಳೆದದ್ದರಲ್ಲಿ. ಬಾಡಿಗೆ, ಹಮಾಲಿ, ರಿಯಾಯಿತಿ ವಿಷಯವೂ ಹೀಗೆಯೇ. ದರದೊಳಗೆ ಸೇರಿವೆಯೋ, ಕೆಳಗೆ ಬೇರೆ ಬಂದಿವೆಯೋ ನೋಡಿಕೊಂಡೇ ಹೋಲಿಸಬೇಕು.

ಎಣ್ಣೆ: ಅಗ್ಗವಾಗಿ ಕಂಡ ದುಬಾರಿ

ಈ ಬಿಲ್ಲಿನಲ್ಲಿ ಕಣ್ಣು ತಪ್ಪಿಸುವ ಸಾಲು ಇದು. 10 ಟಿನ್ ಕೇಳಿದ್ದರು, 10 ಟಿನ್ ಬಂದಿದೆ, ಎಣಿಕೆ ಸರಿ. ದರ 2,100ರ ಬದಲು 2,010, ಅಂದರೆ ಟಿನ್ನಿಗೆ 90 ರೂಪಾಯಿ ಉಳಿದಂತೆ. ಆದರೆ ಸರಕು ಬಂದ ಚೀಟಿಯಲ್ಲಿ ಹುಡುಗ ಟಿನ್ನಿನ ಮೇಲಿದ್ದದ್ದನ್ನು ನೋಡಿ '15 ಲೀ., 13.650 ಕೆಜಿ' ಎಂದು ಬರೆದಿದ್ದಾನೆ.

ಅಡುಗೆ ಎಣ್ಣೆ ನೀರಿಗಿಂತ ಹಗುರ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಒಂದು ಲೀಟರಿನ ಪ್ಯಾಕೆಟ್ಟಿನ ಮೇಲೆ 910 ಗ್ರಾಂ ಎಂದು ಅಚ್ಚಾಗಿರುವುದನ್ನು ಅಡುಗೆಮನೆಯಲ್ಲೇ ನೋಡಬಹುದು. 15 ಲೀಟರ್ ಟಿನ್ನಿನಲ್ಲಿರುವುದು 13.65 ಕಿಲೋ. 15 ಕಿಲೋ ಟಿನ್ನಿನಲ್ಲಿ 15 ಕಿಲೋ. ಮಾರುಕಟ್ಟೆಯಲ್ಲಿ ಎರಡೂ ಇವೆ, ಎರಡಕ್ಕೂ ಬಾಯಿಮಾತಿನಲ್ಲಿ 'ಟಿನ್' ಎಂದೇ ಹೆಸರು. ದೂರದಿಂದ ನೋಡಿದರೆ ಎರಡೂ ಒಂದೇ ಥರದ ಚೌಕಾಕಾರದ ಡಬ್ಬ. ಬಿಲ್ಲಿನಲ್ಲಿ ಪ್ರಮಾಣದ ಕೆಳಗೆ ಬರೀ 10 NOS ಎಂದು ಬಂದರೆ ಒಳಗೆ ಯಾವುದಿದೆ ಎಂಬುದು ಆ ಕಾಗದದಿಂದ ತಿಳಿಯುವುದೇ ಇಲ್ಲ.

ಇದನ್ನು ಕಿಲೋ ಲೆಕ್ಕಕ್ಕೆ ತಂದರೆ ಚಿತ್ರ ತಿರುಗಿಬೀಳುತ್ತದೆ. ಆರ್ಡರಿನ 2,100ನ್ನು 15ರಿಂದ ಭಾಗಿಸಿದರೆ ಕಿಲೋಗೆ 140 ರೂಪಾಯಿ. ಬಿಲ್ಲಿನ 2,010ನ್ನು 13.65ರಿಂದ ಭಾಗಿಸಿದರೆ ಕಿಲೋಗೆ 147 ರೂಪಾಯಿ 25 ಪೈಸೆ. ಒಪ್ಪಿದ 140ರ ದರದಲ್ಲಿ 13.65 ಕಿಲೋ ಟಿನ್ನಿಗೆ ಬೀಳಬೇಕಿದ್ದದ್ದು 1,911 ರೂಪಾಯಿ. ಬಿಲ್ಲಿನಲ್ಲಿ ಹಾಕಿರುವುದು ಅದಕ್ಕಿಂತ 99 ರೂಪಾಯಿ ಹೆಚ್ಚು. ಹತ್ತು ಟಿನ್ನಿಗೆ 990, ತೆರಿಗೆ ಸೇರಿದರೆ 1,039 ರೂಪಾಯಿ 50 ಪೈಸೆ. ಜೊತೆಗೆ ಬೇಕರಿಗೆ 150 ಕಿಲೋ ಬದಲು 136.5 ಕಿಲೋ ಎಣ್ಣೆ ಬಂದಿದೆ. ವಾರದ ಕೊನೆಗೆ ಎಣ್ಣೆ ಬೇಗ ಮುಗಿದಾಗ ಕರಿಯುವವನು ಹೆಚ್ಚು ಬಳಸಿದ ಎಂದು ಅವನ ಮೇಲೆ ಗೂಬೆ ಕೂರಿಸುವುದು ಇಂಥ ಕಡೆಯಲ್ಲೇ.

ಎಣ್ಣೆಯನ್ನು ಕಿಲೋದಲ್ಲೇ ಹೋಲಿಸಬೇಕು ಎನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಎಣ್ಣೆ ಬಿಸಿಯಾದರೆ ಹಿಗ್ಗುತ್ತದೆ, ತಣ್ಣಗಾದರೆ ಕುಗ್ಗುತ್ತದೆ. ಲೀಟರಿನ ಲೆಕ್ಕ ಬಿಸಿಲಿನ ಜೊತೆ ಸ್ವಲ್ಪ ಅತ್ತಿತ್ತ ಆಗುತ್ತದೆ, ತೂಕ ಹಾಗಾಗುವುದಿಲ್ಲ. ಅನುಮಾನ ಬಂದರೆ ಒಂದು ತುಂಬಿದ ಟಿನ್ನನ್ನೂ ಒಂದು ಖಾಲಿ ಟಿನ್ನನ್ನೂ ತಕ್ಕಡಿಯ ಮೇಲಿಟ್ಟು ಕಳೆದು ನೋಡಿದರೆ ಆಯಿತು.

ಇದೇ ಗೊಂದಲ ಬೇರೆ ವ್ಯಾಪಾರಗಳಲ್ಲಿ ಬೇರೆ ವೇಷದಲ್ಲಿ ಬರುತ್ತದೆ. ಹಾರ್ಡ್‌ವೇರ್ ಅಂಗಡಿಯವರು ಕಬ್ಬಿಣದ ಸರಳನ್ನು ಎಣಿಕೆಯಲ್ಲಿ ಕೇಳುತ್ತಾರೆ, ಬಿಲ್ಲು ಕಿಲೋದಲ್ಲಿ ಬರುತ್ತದೆ. ಅಲ್ಲಿಯೂ ದಾರಿ ಒಂದೇ. ಸರಳಿನ ದಪ್ಪವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗವನ್ನು 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ ಸಿಗುತ್ತದೆ. 12 ಮಿ.ಮೀ. ಸರಳಾದರೆ ಮೀಟರಿಗೆ ಸುಮಾರು 0.89 ಕಿಲೋ, 12 ಮೀಟರ್ ಉದ್ದದ ಒಂದು ಸರಳು ಸುಮಾರು 10.7 ಕಿಲೋ. ಆದರೆ ಕಾರ್ಖಾನೆಯಲ್ಲಿ ಸರಳಿನ ತೂಕ ಕರಾರುವಾಕ್ಕಾಗಿ ಬರುವುದಿಲ್ಲ. ಭಾರತೀಯ ಮಾನಕ IS 1786 ಈ ಗಾತ್ರದ ಸರಳಿನ ಒಟ್ಟು ಲಾಟಿಗೆ ಶೇ. 5ರಷ್ಟು ಹೆಚ್ಚುಕಡಿಮೆಯನ್ನು ಒಪ್ಪುತ್ತದೆ. ಅದರೊಳಗಿನ ವ್ಯತ್ಯಾಸಕ್ಕೆ ಜಗಳವಾಡಿ ಪ್ರಯೋಜನವಿಲ್ಲ, ಅದನ್ನು ಮೀರಿದರೆ ಸುಮ್ಮನಿರುವಂತೆಯೂ ಇಲ್ಲ.

ಸಕ್ಕರೆ: ಸಣ್ಣ ಮೊತ್ತ, ಉದ್ದದ ಬಾಲ

ಸಕ್ಕರೆಯಲ್ಲಿ ಗೊಂದಲವಿಲ್ಲ. ಕೇಳಿದ್ದು 5 ಚೀಲ, ಬಂದದ್ದು 5 ಚೀಲ. ದರ ಚೀಲಕ್ಕೆ 50 ರೂಪಾಯಿ ಏರಿದೆ. ಒಟ್ಟು 250, ತೆರಿಗೆ ಸೇರಿ 262 ರೂಪಾಯಿ 50 ಪೈಸೆ. 73 ಸಾವಿರದ ಬಿಲ್ಲಿನಲ್ಲಿ 250 ರೂಪಾಯಿಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ ಎಂದು ಬಿಟ್ಟುಬಿಡುವುದೇ ರೂಢಿ.

ಆದರೆ ಪ್ರಮಾಣದ ವ್ಯತ್ಯಾಸಕ್ಕೂ ದರದ ವ್ಯತ್ಯಾಸಕ್ಕೂ ಸ್ವಭಾವದಲ್ಲೇ ಅಂತರವಿದೆ. ಎರಡು ಚೀಲ ಕಡಿಮೆ ಬಂದದ್ದು ಒಂದು ಲೋಡಿನ ಮಾತು, ಮುಂದಿನ ಲೋಡಿನಲ್ಲಿ ತಾನಾಗಿ ಮರುಕಳಿಸುವುದಿಲ್ಲ. ದರ ಹಾಗಲ್ಲ. ಒಮ್ಮೆ 2,200 ಎಂದು ಬಿಲ್ಲಾಗಿ, ಹಣ ಸಂದಾಯವಾದರೆ, ಸಗಟು ಅಂಗಡಿಯ ಕಂಪ್ಯೂಟರಿನಲ್ಲಿ ನಮ್ಮ ಹೆಸರಿನ ಮುಂದೆ ಕೊನೆಯ ದರವಾಗಿ ಅದೇ ಕೂರುತ್ತದೆ. ಮುಂದಿನ ಬಿಲ್ಲು ಅಲ್ಲಿಂದ ಹೊರಡುತ್ತದೆ. ಮುಂದಿನ ಆರ್ಡರ್ ಬರೆಯುವಾಗ ನಾವೂ ಹಳೆಯ ಬಿಲ್ಲು ನೋಡಿಯೇ ದರ ಬರೆಯುತ್ತೇವೆ. ಹೀಗೆ ತಪ್ಪು ದರವೇ ಒಪ್ಪಿದ ದರವಾಗಿಬಿಡುತ್ತದೆ. ವಾರಕ್ಕೊಂದು ಇದೇ ಥರದ ಲೋಡು ಎಂದು ಇಟ್ಟುಕೊಂಡರೆ, 52 ವಾರಕ್ಕೆ ಸಕ್ಕರೆಯಲ್ಲಿ ತೆರಿಗೆ ಬಿಟ್ಟು 13,000 ರೂಪಾಯಿ, ಎಣ್ಣೆಯ ಸಾಲಿನಲ್ಲಿ 51,480 ರೂಪಾಯಿ ಹೋಗುತ್ತದೆ. ಆದ್ದರಿಂದ ಬಿಲ್ಲಿನ ಕೊನೆಯ ಸಾಲಿನಲ್ಲಿ ಪೈಸೆ ಹೊಂದಿಸಲು ಹಾಕುವ ರೌಂಡ್ ಆಫ್ ಬಿಟ್ಟುಬಿಡಿ, ತೂಕದಲ್ಲಿ ತಕ್ಕಡಿಯ ಮಿತಿಯೊಳಗಿನ ಹೆಚ್ಚುಕಡಿಮೆ ಬಿಟ್ಟುಬಿಡಿ. ದರದಲ್ಲಿ ಮಾತ್ರ ಒಂದು ರೂಪಾಯಿಯನ್ನೂ ಕೇಳದೆ ಬಿಡಬಾರದು.

ಕೇಳುವ ಮುಂಚೆ ಯಾರ ದರ ಸರಿ ಎಂದು ನಾವೇ ನೋಡಿಕೊಳ್ಳಬೇಕು. ಸಕ್ಕರೆಯ ದರ ಏರಿಳಿಯುವಂಥದ್ದು. ಸಗಟು ಅಂಗಡಿಯವರು ದರ ಹೇಳುವಾಗ 'ಲೋಡಾದ ದಿನದ ರೇಟು' ಎಂದಿದ್ದರೆ ಬಿಲ್ಲೇ ಸರಿ, ನಮ್ಮ ಆರ್ಡರನ್ನೇ ತಿದ್ದಿಕೊಳ್ಳಬೇಕು. ಈ ಬೇಕರಿಯ ಆರ್ಡರಿನಲ್ಲಿ 'ದರ ಏಳು ದಿನಕ್ಕೆ' ಎಂದು ಬರೆದಿತ್ತು, ಸರಬರಾಜುದಾರರು ವಾಟ್ಸ್ಆ್ಯಪ್‌ನಲ್ಲಿ 'ಸರಿ, ಕಳಿಸ್ತೀವಿ' ಎಂದು ಉತ್ತರಿಸಿದ್ದರು, ಸರಕು ನಾಲ್ಕನೆಯ ದಿನವೇ ಬಂತು. ಹಾಗಾಗಿ 2,150ರ ದರವೇ ನಿಲ್ಲುತ್ತದೆ. ಅಚ್ಚು ಹಾಕಿಸಿದ ಆರ್ಡರ್ ಪುಸ್ತಕ ಇಲ್ಲದಿದ್ದರೂ ಪರವಾಗಿಲ್ಲ. ನಾವು ಕಳಿಸಿದ ಸಂದೇಶ, ಅವರು ಒಪ್ಪಿದ ಉತ್ತರ, ಎರಡೂ ಉಳಿದಿದ್ದರೆ ಅದೇ ಆರ್ಡರ್. ಬರೀ ಫೋನಿನಲ್ಲಿ ಹೇಳಿದ್ದರೆ ಮಾತ್ರ ತಾಳೆ ನೋಡಲು ಏನೂ ಇರುವುದಿಲ್ಲ.

ಮೈದಾ: ಬಾರದ ಎರಡು ಚೀಲ

20 ಚೀಲಕ್ಕೆ ಬಿಲ್ಲಾಗಿದೆ, ಬಂದದ್ದು 18. ಎರಡು ಚೀಲದ ಬೆಲೆ 3,300 ರೂಪಾಯಿ. ಡ್ರೈವರ್ ಹೇಳಿದ್ದು, 'ಅಕ್ಕಾ, ಗಾಡೀಲಿ ಜಾಗ ಸಾಲ್ಲಿಲ್ಲ, ಮುಂದಿನ ಲೋಡಲ್ಲಿ ಹಾಕಿ ಕಳಿಸ್ತಾರೆ.' ಅದು ನಿಜವೇ ಇರಬಹುದು.

ಕಾನೂನಿನ ಮಾತು ಇಲ್ಲಿ ಸರಳವಾಗಿದೆ. 1930ರ ಸರಕು ಮಾರಾಟ ಕಾಯಿದೆಯ 37ನೆಯ ಸೆಕ್ಷನ್ ಪ್ರಕಾರ, ಒಪ್ಪಿದ್ದಕ್ಕಿಂತ ಕಡಿಮೆ ಸರಕು ಬಂದರೆ ಕೊಳ್ಳುವವರು ಬೇಡವೆಂದು ಹಿಂದಕ್ಕೆ ಕಳಿಸಬಹುದು. ಇಟ್ಟುಕೊಂಡರೆ, ಇಟ್ಟುಕೊಂಡಷ್ಟಕ್ಕೆ ಒಪ್ಪಿದ ದರದಲ್ಲಿ ಹಣ ಕೊಡಬೇಕು. ಕೇಳಿದ್ದಕ್ಕಿಂತ ಹೆಚ್ಚು ಬಂದಾಗಲೂ ಹೆಚ್ಚಿನದನ್ನು ನಿರಾಕರಿಸುವ ಹಕ್ಕಿದೆ, ಇಟ್ಟುಕೊಂಡರೆ ಅದಕ್ಕೂ ಅದೇ ದರ. ಅಂದರೆ ಇಲ್ಲಿ ಸಲ್ಲಬೇಕಾದದ್ದು 18 ಚೀಲದ 29,700.

ನಿಜವಾದ ತೊಡಕು ಇರುವುದು ಮುಂದಿನ ವಾರ. ಬಾಕಿ ಎರಡು ಚೀಲ ಹೊಸ ಲೋಡಿನಲ್ಲಿ ಬರುತ್ತವೆ. ಸಗಟು ಅಂಗಡಿಯಲ್ಲಿ ಬಿಲ್ಲು ಮಾಡುವ ಹುಡುಗಿಗೆ ಹಿಂದಿನ ಕಥೆ ಗೊತ್ತಿರುವುದಿಲ್ಲ. ಗಾಡಿಗೆ ಹತ್ತಿದ ಎಲ್ಲ ಚೀಲಕ್ಕೂ ಹೊಸ ಬಿಲ್ಲು ಹೊಡೆಯುತ್ತಾಳೆ. ಆ ಬಿಲ್ಲು ಬಂದ ಸರಕಿಗೆ ಸರಿಯಾಗಿ ತಾಳೆಯಾಗುತ್ತದೆ, ಹಾಗಾಗಿ ನಾವೂ ಹಣ ಕೊಡುತ್ತೇವೆ. ಹಳೆಯ ಬಿಲ್ಲನ್ನೂ ಪೂರ್ತಿ ಕೊಟ್ಟಿದ್ದರೆ ಎರಡು ಚೀಲಕ್ಕೆ ಎರಡು ಸಲ ಹಣ ಹೋಯಿತು. ಒಂದೊಂದು ಬಿಲ್ಲನ್ನೂ ಬಿಡಿಬಿಡಿಯಾಗಿ ನೋಡಿದರೆ ಇದು ಸಿಕ್ಕಿಬೀಳುವುದೇ ಇಲ್ಲ. ಆರ್ಡರಿನ ಪಕ್ಕದಲ್ಲಿ 'ಕೇಳಿದ್ದು 20, ಬಂದದ್ದು 18, ಬಾಕಿ 2, ಬಿಲ್ಲಾದದ್ದು 20' ಎಂದು ಓಡುವ ಲೆಕ್ಕ ಇಟ್ಟರೆ ಮಾತ್ರ, ಎರಡನೆಯ ಬಿಲ್ಲು ಬಂದ ಕ್ಷಣ 'ಬಿಲ್ಲಾದದ್ದು 22' ಎಂದು ಎದ್ದುಕಾಣುತ್ತದೆ.

ಆದ್ದರಿಂದ ಎರಡರಲ್ಲಿ ಒಂದನ್ನು ಅಂದೇ ತೀರ್ಮಾನಿಸಿ ಬರೆಸಿಕೊಳ್ಳಬೇಕು. ಈ ಬಿಲ್ಲಿನಿಂದ ಎರಡು ಚೀಲ ಕಡಿತ ಮಾಡಿ, ಅವು ಬಂದಾಗ ಹೊಸ ಬಿಲ್ಲು ಹಾಕಲಿ. ಅಥವಾ ಈ ಬಿಲ್ಲು ಹಾಗೇ ಇರಲಿ, ಬಾಕಿ ಎರಡು ಚೀಲ ಬಿಲ್ಲಿಲ್ಲದೆ ಚಲನ್ನಿನ ಮೇಲೆ ಮಾತ್ರ ಬರಲಿ. ಮೊದಲನೆಯದೇ ಮೇಲು. ಜಿಎಸ್‌ಟಿ ಕಾಯಿದೆ ಸರಕು ಕೈಸೇರಿದ ಮೇಲೆಯೇ ತೆರಿಗೆಯ ಕ್ರೆಡಿಟ್ ಕೊಡುತ್ತದೆ. ಒಂದು ಬಿಲ್ಲಿನ ಸರಕು ಕಂತುಕಂತಾಗಿ ಬಂದರೆ ಕೊನೆಯ ಕಂತು ಬಂದ ಮೇಲೆಯೇ ಕ್ರೆಡಿಟ್ ತೆಗೆದುಕೊಳ್ಳಬಹುದು. ಬಾರದ ಚೀಲವನ್ನು ಬಿಲ್ಲಿನಲ್ಲಿ ಉಳಿಸಿಕೊಂಡರೆ ಉಳಿದ ಸರಕಿನ ಕ್ರೆಡಿಟ್ಟೂ ಅದಕ್ಕಾಗಿ ಕಾಯಬೇಕಾದೀತು.

ಕಂಪ್ಯೂಟರಿನಲ್ಲಿ ಲೆಕ್ಕ ಇಡುವವರಿಗೆ ಟ್ಯಾಲಿಯಲ್ಲಿ ಇದಕ್ಕೆಂದೇ ಅನುಕೂಲವಿದೆ. ಬಂದ ಪ್ರಮಾಣಕ್ಕೂ ಬಿಲ್ಲಾದ ಪ್ರಮಾಣಕ್ಕೂ Actual ಮತ್ತು Billed ಎಂದು ಬೇರೆ ಬೇರೆ ಕಾಲಂ ತೆರೆದುಕೊಳ್ಳಬಹುದು. ಅದಿಲ್ಲದವರಿಗೆ ಗೆರೆ ಹಾಕಿದ ನೋಟ್ ಪುಸ್ತಕ ಸಾಕು.

ಫೋನಿನಲ್ಲಿ ಅಲ್ಲ, ಬರಹದಲ್ಲಿ

ವ್ಯತ್ಯಾಸ ಗೊತ್ತಾಯಿತು. ಈಗ ಅದನ್ನು ಹೇಳುವ ರೀತಿ. 'ನಿಮ್ಮ ಬಿಲ್ಲು ತಪ್ಪಿದೆ' ಎಂದರೆ ಆ ಕಡೆಯವರು ಮೊದಲು ತಮ್ಮ ಸಮರ್ಥನೆಗೆ ನಿಲ್ಲುತ್ತಾರೆ. ಬಿಲ್ಲಿನ ನಂಬರು, ಸಾಲು, ಕೇಳಿದ್ದು, ಬಂದದ್ದು, ಆಗಬೇಕಾದದ್ದು ಎಲ್ಲವನ್ನೂ ಇಟ್ಟರೆ ಅವರಿಗೂ ಸರಿಪಡಿಸುವುದು ಸುಲಭ. ಬೇಕರಿಯ ಒಡತಿ ಕಳಿಸಬಹುದಾದ ಸಂದೇಶ ಹೀಗಿರಬಹುದು:

'ನಮಸ್ಕಾರ ಅಣ್ಣ. ನಿಮ್ಮ ಬಿಲ್ ನಂ. 1182, ನಮ್ಮ ಆರ್ಡರ್ ನಂ. 47. ಮೈದಾ 20ಕ್ಕೆ 18 ಚೀಲ ಬಂದಿದೆ, ಚಲನ್ ಮೇಲೆ ಡ್ರೈವರ್ ಸಹಿ ಇದೆ, 3,300 ಕಡಿಮೆಯಾಗಬೇಕು. ಎಣ್ಣೆ 15 ಕೆಜಿ ಟಿನ್ ಕೇಳಿದ್ದೆ, 15 ಲೀಟರ್ ಬಂದಿದೆ. ಕೆಜಿಗೆ 140ರಂತೆ ಟಿನ್ನಿಗೆ 1,911 ಆಗುತ್ತೆ, ಇಲ್ಲಾಂದ್ರೆ ಟಿನ್ ವಾಪಸ್ ತಗೊಂಡು 15 ಕೆಜಿದು ಕಳಿಸಿ. ಸಕ್ಕರೆ ರೇಟು 2,150 ಒಪ್ಪಿದ್ದು, 2,200 ಬಿದ್ದಿದೆ. ಎಣ್ಣೆ, ಸಕ್ಕರೆ ತೆರಿಗೆ ಸೇರಿ ಒಟ್ಟು 4,602ಕ್ಕೆ ಕ್ರೆಡಿಟ್ ನೋಟ್ ಕಳಿಸಿ. ಉಳಿದ 69,033 ಇವತ್ತೇ ಹಾಕ್ತಿದ್ದೀನಿ. ಚಲನ್, ಟಿನ್ನಿನ ಲೇಬಲ್ ಫೋಟೋ ಜೊತೆಗಿದೆ.'

ಕೊನೆಯಿಂದ ಎರಡನೆಯ ವಾಕ್ಯ ಬಹಳ ಮುಖ್ಯ. ತಕರಾರಿಲ್ಲದ ಹಣವನ್ನು ತಡೆಹಿಡಿಯಬಾರದು. 4,602 ರೂಪಾಯಿಗಾಗಿ 73 ಸಾವಿರವನ್ನೂ ನಿಲ್ಲಿಸಿದರೆ, ನ್ಯಾಯ ನಮ್ಮ ಕಡೆ ಇದ್ದರೂ ಮಾತು 'ಅವರು ಹಣ ಕೊಡುವುದಿಲ್ಲ' ಎಂಬಲ್ಲಿಗೆ ತಿರುಗುತ್ತದೆ.

ಎಣ್ಣೆಯ ಟಿನ್ನುಗಳನ್ನು ಬಳಸಲು ತೆಗೆಯುವ ಮುಂಚೆ ಈ ಉತ್ತರ ಬರಬೇಕು ಎಂಬುದನ್ನೂ ನೆನಪಿಡಬೇಕು. ಒಂದು ಟಿನ್ ಒಡೆದರೂ ಹಿಂದಕ್ಕೆ ಕಳಿಸುವ ಮಾತಿಗೆ ಬಲ ಕಡಿಮೆಯಾಗುತ್ತದೆ, ದರ ಇಳಿಸುವ ಮಾತು ಮಾತ್ರ ಉಳಿಯುತ್ತದೆ.

'ಮುಂದಿನ ಬಿಲ್ಲಲ್ಲಿ ಅಡ್ಜಸ್ಟ್ ಮಾಡ್ತೀವಿ ಬಿಡಿ' ಎಂಬ ಉತ್ತರ ಬರುವ ಸಾಧ್ಯತೆಯೇ ಹೆಚ್ಚು. ಕೇಳಲು ಹಿತವಾದ ಈ ಮಾತು ಲೆಕ್ಕವನ್ನು ಕೆಡಿಸುತ್ತದೆ. ಮುಂದಿನ ಬಿಲ್ಲಿನಲ್ಲಿ ಎಣ್ಣೆಗೆ ದರ ಇಳಿಸಿ ಹೊಂದಿಸಿದರೆ ಆ ಬಿಲ್ಲೂ ಆರ್ಡರಿಗೆ ತಾಳೆಯಾಗುವುದಿಲ್ಲ. ಮೂರು ಲೋಡು ಕಳೆದ ಮೇಲೆ ಯಾವುದು ನಿಜವಾದ ದರ, ಯಾವುದು ಹೊಂದಾಣಿಕೆ ಎಂದು ಇಬ್ಬರಿಗೂ ಗೊತ್ತಾಗದು. ಹಳೆಯ ಬಿಲ್ಲಿನಲ್ಲಿ ಹೆಚ್ಚು ಕಟ್ಟಿದ 62 ರೂಪಾಯಿ ತೆರಿಗೆಯೂ ಹಾಗೇ ಉಳಿಯುತ್ತದೆ. ತೆರಿಗೆ ತಿದ್ದಲು ಸರಬರಾಜುದಾರರು ಆ ಬಿಲ್ಲಿನ ಮೇಲೆಯೇ ಕ್ರೆಡಿಟ್ ನೋಟ್ ಕೊಡಬೇಕು. ಬೆಲೆ ಅಥವಾ ತೆರಿಗೆ ಹೆಚ್ಚು ಹಾಕಿದ್ದಕ್ಕೆ, ಸರಕು ಹಿಂದಿರುಗಿದ್ದಕ್ಕೆ ಜಿಎಸ್‌ಟಿ ಕಾಯಿದೆಯ 34ನೆಯ ಸೆಕ್ಷನ್ ಇದಕ್ಕೆ ಅವಕಾಶ ಕೊಟ್ಟಿದೆ. ನಾವು ನಮ್ಮ ಪುಸ್ತಕದಲ್ಲಿ ಬರೆದುಕೊಳ್ಳುವ ಡೆಬಿಟ್ ನೋಟ್ ನಮ್ಮ ಬೇಡಿಕೆಯ ದಾಖಲೆ ಮಾತ್ರ, ಅವರು ಕಟ್ಟಬೇಕಾದ ತೆರಿಗೆ ಅದರಿಂದ ಇಳಿಯುವುದಿಲ್ಲ. ಕಾಂಪೋಸಿಷನ್ ಯೋಜನೆಯಲ್ಲಿರುವ ಸಣ್ಣ ಬೇಕರಿಗಳಿಗೆ ತೆರಿಗೆಯ ಕ್ರೆಡಿಟ್ಟೇ ಇಲ್ಲವಾದ್ದರಿಂದ, ಹೆಚ್ಚು ಹೋದ ತೆರಿಗೆ ಪೂರ್ತಿ ಕೈಬಿಟ್ಟ ಹಣ.

ತಡಮಾಡದಿರಲು ಇನ್ನೊಂದು ಕಾರಣ, ಗಡುವು. ಮೈದಾವನ್ನು ಸಗಟು ಅಂಗಡಿಯ ಬದಲು ನೋಂದಾಯಿತ ಸಣ್ಣ ಹಿಟ್ಟಿನ ಗಿರಣಿಯಿಂದ ನೇರವಾಗಿ ತರಿಸಿದ್ದರೆ 2006ರ ಎಂಎಸ್‌ಎಂಇ ಕಾಯಿದೆ ಅನ್ವಯಿಸುತ್ತದೆ. ಅದರ ಪ್ರಕಾರ ಸರಕು ಬಂದ 15 ದಿನದೊಳಗೆ ಬರಹದಲ್ಲಿ ಆಕ್ಷೇಪ ಹೇಳದಿದ್ದರೆ, ಸರಕನ್ನು ನಾವು ಒಪ್ಪಿಕೊಂಡಂತೆಯೇ ಲೆಕ್ಕ, ಹಣ ಕೊಡುವ ಗಡುವಿನ ಎಣಿಕೆಯೂ ಸರಕು ಬಂದ ದಿನದಿಂದಲೇ ಶುರು. ಬಾಯಿಮಾತಿನ ತಕರಾರು ಇಲ್ಲಿ ಲೆಕ್ಕಕ್ಕಿಲ್ಲ.

ತಾಳೆಯಾದರೂ ತಪ್ಪಿರಬಹುದು

ಈ ಕ್ರಮಕ್ಕೂ ಒಂದು ಮಿತಿಯಿದೆ. ಮೂರು ಕಾಗದ ಪರಸ್ಪರ ಹೊಂದಿದವು ಎಂದರೆ ಅವು ಒಂದೇ ಮಾತು ಹೇಳುತ್ತಿವೆ ಎಂದಷ್ಟೇ. ಆರ್ಡರಿನ ದರವೇ ಮಾರುಕಟ್ಟೆಗಿಂತ ಹೆಚ್ಚಿದ್ದರೆ, ಎಲ್ಲವೂ ಸರಿಯಾಗಿ ತಾಳೆಯಾಗುತ್ತಲೇ ಹಣ ಸೋರುತ್ತದೆ. ಆರ್ಡರ್ ಕೊಡುವವರು, ಸರಕು ಎಣಿಸುವವರು, ಹಣ ಕಳಿಸುವವರು ಮೂವರೂ ಒಬ್ಬರೇ ಆಗಿದ್ದರೆ ಮೂರು ಕಾಗದವಿದ್ದೂ ಒಂದೇ ಕಣ್ಣು ನೋಡಿದಂತೆ. ಇಬ್ಬರೇ ಇರುವ ಅಂಗಡಿಯಲ್ಲಿ ಎಣಿಸುವ ಕೆಲಸವನ್ನಾದರೂ ಇನ್ನೊಬ್ಬರಿಗೆ ಬಿಡಬೇಕು. ದರಗಳನ್ನು ಆಗಾಗ ಮತ್ತೊಂದು ಸಗಟು ಅಂಗಡಿಯಲ್ಲಿ ವಿಚಾರಿಸುತ್ತಿರಬೇಕು.

ಉಳಿದ ಬಹುಪಾಲು ತೊಡಕನ್ನು ಆರ್ಡರ್ ಬರೆಯುವ ಹೊತ್ತಿಗೇ ತಪ್ಪಿಸಬಹುದು. ಮೇಲಿನ ಲೋಡಿನಲ್ಲಿ ಎಣ್ಣೆಯ ಗೊಂದಲ ಎದ್ದದ್ದು ಬಿಲ್ಲಿಗೆ ಹೋಗುವಷ್ಟರಲ್ಲಿ ಆರ್ಡರಿನ 15 ಕಿಲೋ ಟಿನ್ ಬರೀ 'ಟಿನ್' ಆದದ್ದರಿಂದ. ಅದೇ ಸಾಲನ್ನು 'ರಿಫೈಂಡ್ ಎಣ್ಣೆ, ನಿವ್ವಳ 15 ಕೆಜಿ ಟಿನ್, 10 ಟಿನ್, ಒಟ್ಟು 150 ಕೆಜಿ, ಕೆಜಿಗೆ 140 ರೂ., ತೆರಿಗೆ ಬೇರೆ, ಬಾಡಿಗೆ ಸೇರಿ, ದರ ಏಳು ದಿನಕ್ಕೆ, ಬಿಲ್ಲಿನಲ್ಲಿ ಆರ್ಡರ್ ನಂಬರ್ ನಮೂದಿಸಿ' ಎಂದು ಬರೆದರೆ, ಗೋದಾಮಿನಲ್ಲಿ ಟಿನ್ ಎತ್ತುವವನಿಗೂ ಬಿಲ್ಲು ಹೊಡೆಯುವವಳಿಗೂ ಊಹಿಸಲು ಏನೂ ಉಳಿಯುವುದಿಲ್ಲ. ಬಿಲ್ಲು ಬಂದಾಗ ಒಡತಿ ನೋಡಬೇಕಾದದ್ದು ಎರಡೇ ಅಂಕಿ: ಒಟ್ಟು ಎಷ್ಟು ಕಿಲೋ, ಕಿಲೋಗೆ ಎಷ್ಟು.